ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದೆಯಾ?

ಕೇಳುಗರೇ, ನಮಸ್ಕಾರ.

ನಿಮ್ಮ ಅಂಗಡಿಯ ಕಂಪ್ಯೂಟರಿಗೆ ಫೈಲುಗಳನ್ನು ಉಳಿಸಿಡುವ ಒಂದು ಎಸ್‌ಎಸ್‌ಡಿ ಬೇಕು ಅಂದುಕೊಳ್ಳಿ. ಆನ್‌ಲೈನ್‌ನಲ್ಲಿ 5,900 ರೂಪಾಯಿ, ಊರಿನ ಡೀಲರ್ ಹತ್ತಿರ 6,300. ಆನ್‌ಲೈನೇ ಲಾಭ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ.

ಮೊದಲು ಬಿಲ್ ನೋಡೋಣ. 5,900ರಲ್ಲಿ ಮಾಲಿನ ಬೆಲೆ 5,000, ಶೇಕಡಾ 18ರ ಲೆಕ್ಕದಲ್ಲಿ ಜಿಎಸ್‌ಟಿ 900. ನೀವು ಜಿಎಸ್‌ಟಿ ನೋಂದಣಿ ಮಾಡಿಸಿ ಮಾಮೂಲಿ ರಿಟರ್ನ್ ಸಲ್ಲಿಸುವವರಾದರೆ ಆ 900 ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಆದರೆ ಆರ್ಡರ್ ಮಾಡುವಾಗಲೇ ನಿಮ್ಮ ಜಿಎಸ್‌ಟಿ ನಂಬರ್ ಹಾಕಿರಬೇಕು. ಆಮೇಲೆ ಬಿಲ್ ತಿದ್ದಿಸುವುದು ದೊಡ್ಡ ತಲೆನೋವು. ಮಾರಿದವರು ತಮ್ಮ ರಿಟರ್ನಿನಲ್ಲಿ ಈ ಬಿಲ್ ತೋರಿಸಿ, ಅದು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಖರೀದಿ ಬಿಲ್‌ಗಳನ್ನು ತೋರಿಸುವ GSTR-2Bಯಲ್ಲಿ ಬಂದರೆ ಮಾತ್ರ ಕ್ರೆಡಿಟ್. ಊರಿನ ಡೀಲರ್ ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಸ್ಕೀಮಿನವರಾದರೆ ತೆರಿಗೆ ಹಾಕಿ ಬಿಲ್ ಕೊಡುವಂತೆಯೇ ಇಲ್ಲ. ಅಲ್ಲಿ ಪೂರ್ತಿ 6,300 ನಿಮ್ಮದೇ ಖರ್ಚು. ಇದನ್ನು ಮೊದಲೇ ಕೇಳಿಬಿಡಿ.

ಇನ್ನು ವಾರಂಟಿ. ಜನ ಸೋಲುವುದು ಇಲ್ಲೇ. ಆ್ಯಪಿನ ಹೆಸರು ದೊಡ್ಡದು, ನಿಜ. ಆದರೆ ಬಿಲ್ ಮೇಲಿರುವುದು ಇನ್ಯಾವುದೋ ಊರಿನ ವ್ಯಾಪಾರಿಯ ಹೆಸರು. ಅವರು ಕಳಿಸಿದ್ದು ಲ್ಯಾಪ್‌ಟಾಪ್ ಕಂಪನಿಗೆಂದು ತಯಾರಾದ ಬಿಡಿ ಎಸ್‌ಎಸ್‌ಡಿ ಆಗಿರಬಹುದು. ಮಾಲು ಅಸಲಿಯೇ, ಆದರೆ ತಯಾರಕರು ನಮಗೆ ವಾರಂಟಿ ಕೊಡುವುದಿಲ್ಲ. ಪತ್ತೆ ಮಾಡುವುದು ಸುಲಭ. ಎಸ್‌ಎಸ್‌ಡಿ ಮೇಲಿನ, ಡಬ್ಬದ ಮೇಲಿನ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಒಂದೇ ಇದೆಯಾ ನೋಡಿ. ಅದನ್ನೇ ತಯಾರಕರ ವೆಬ್‌ಸೈಟಿನ ವಾರಂಟಿ ಪುಟದಲ್ಲಿ ಹಾಕಿ. ನಂತರ ಕಂಪ್ಯೂಟರಿನಲ್ಲಿ ಡಿಸ್ಕಿನ ಸ್ಥಿತಿ ತೋರಿಸುವ CrystalDiskInfo ಎಂಬ ಸಾಫ್ಟ್‌ವೇರ್ ತೆರೆದು Power On Hours, ಅಂದರೆ ಅದು ಎಷ್ಟು ಗಂಟೆ ಓಡಿದೆ ಅನ್ನುವುದನ್ನು ನೋಡಿ. ಹೊಸ ಮಾಲಿನಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲಿ ಇರಬೇಕು. ನೂರಾರು ಗಂಟೆ ಇದ್ದರೆ ಯಾರೋ ಬಳಸಿ ಬಿಟ್ಟದ್ದು.

ಇದೆಲ್ಲ ರಿಟರ್ನ್ ಗಡುವಿನೊಳಗೇ ಮುಗಿಯಬೇಕು. ಪಾರ್ಸೆಲ್ ತಂದು ಸುಮ್ನೆ ಕಪಾಟಿನಲ್ಲಿಟ್ಟರೆ ಗಡುವು ಕಳೆದುಹೋಗುತ್ತದೆ. ಎಷ್ಟೋ ಮಾಲಿಗೆ ಹಣ ವಾಪಸ್ ಇಲ್ಲ, ಬದಲಿ ಮಾತ್ರ. ಅದನ್ನೂ ಆರ್ಡರಿಗೆ ಮೊದಲೇ ಓದಿಕೊಳ್ಳಿ. ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಮಾಲು ವಾಪಸ್ ಹೋದರೆ ಕ್ರೆಡಿಟ್ ನೋಟ್ ಬರುತ್ತದೆ, ತೆಗೆದುಕೊಂಡ 900ನ್ನೂ ಬಿಡಬೇಕಾಗುತ್ತದೆ.

ಡೀಲರ್ ಹತ್ತಿರ ಕೊಂಡರೆ ಮೊದಲ ದಿನಗಳಲ್ಲಿ ಕೆಟ್ಟದ್ದನ್ನು ಕೌಂಟರಿನಲ್ಲೇ ಬದಲಿಸಿಕೊಡುವುದುಂಟು. ತಿಂಗಳು ಕಳೆದ ಮೇಲೆ ಅವರೂ ಸರ್ವಿಸ್ ಸೆಂಟರಿಗೇ ಕಳಿಸುತ್ತಾರೆ. ಕೆಲವರಂತೂ ಸೆಂಟರ್ ವಿಳಾಸ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹಾಗಾಗಿ ಎಸ್‌ಎಸ್‌ಡಿ, ರ್‍ಯಾಮ್ ಆನ್‌ಲೈನ್‌ನಲ್ಲಿ ಕೊಳ್ಳಲು ನನಗೆ ಅಡ್ಡಿಯಿಲ್ಲ. ಮದರ್‌ಬೋರ್ಡ್ ಮಾತ್ರ ಡೀಲರ್ ಹತ್ತಿರವೇ ತೆಗೆದುಕೊಳ್ಳುತ್ತೇನೆ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಒಂದು ಪಿನ್ ಬಾಗಿದ್ದರೂ ವಾರಂಟಿ ನಿರಾಕರಿಸುತ್ತಾರೆ. ಬಾಗಿಸಿದ್ದು ಯಾರು ಅನ್ನುವ ಜಗಳವೇ ಬೇಡ, ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ ನೋಡಬಹುದು.

ಕೆಟ್ಟ ಮಾಲನ್ನು ಆನ್‌ಲೈನ್ ವ್ಯಾಪಾರಿ ವಾಪಸ್ ಪಡೆಯಲ್ಲ ಅಂದರೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಹಾಗೆ ಹೇಳುವಂತಿಲ್ಲ. ಮೊದಲು ಆ ಆ್ಯಪಿನ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ಅವರು ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಫೋನ್ ಹಿಡಿಯುವಾಗ ಬಿಲ್ ಕೈಯಲ್ಲಿರಲಿ.