ಕೋಲ್ಡ್ ಇಮೇಲನ್ನು ಲಿಂಕ್ಡ್‌ಇನ್ ಮೆಸೇಜ್ ಮಾಡೋದು ಹೇಗೆ? | ಒಂದು ಮೇಲ್, ಮೂರು ಮಾತು

[ಸ್ಕ್ರೀನ್ ಮೇಲೆ: ಲಿಂಕ್ಡ್‌ಇನ್ ಚಾಟ್ ಕಿಟಕಿ. ಒಂದೇ ಮೆಸೇಜ್, ಸ್ಕ್ರೋಲ್ ಮಾಡಿದಷ್ಟೂ ಮುಗಿಯುತ್ತಿಲ್ಲ]

ನೋಡಿ, "ಮಾನ್ಯರೇ" ಅಂತ ಶುರುವಾಗಿ "ಇಂತಿ ತಮ್ಮ ವಿಶ್ವಾಸಿ" ಅಂತ ಮುಗಿಯೋ ಮೆಸೇಜ್ ಇದು. ಮೇಲ್‌ಗೆ ಅಂತ ಬರೆದದ್ದನ್ನ ಹಾಗೇ ಕಾಪಿ ಮಾಡಿ ಲಿಂಕ್ಡ್‌ಇನ್‌ಗೆ ಅಂಟಿಸಿದ್ದಾರೆ. ಕನೆಕ್ಟ್ ಆದವರಿಗೆ 8,000 ಅಕ್ಷರದ ತನಕ ಕಳಿಸಬಹುದು, ಹಾಗಾಗಿ ಲಿಂಕ್ಡ್‌ಇನ್ ಇದನ್ನ ತಡೆಯಲ್ಲ. ಓದೋರು ಮಾತ್ರ ಎರಡನೇ ಸಾಲಿಗೇ ಕೈಬಿಡ್ತಾರೆ.

ನಮಸ್ಕಾರ. ಪರಿಚಯ ಇಲ್ಲದವರಿಗೆ ವ್ಯಾಪಾರಕ್ಕೆ ಅಂತ ಬರೆಯೋ ಮೇಲ್‌ಗೆ ಕೋಲ್ಡ್ ಇಮೇಲ್ ಅಂತಾರೆ. ಇವತ್ತು ಅಂಥ ಒಂದೇ ಒಂದು ಮೇಲ್ ಇಟ್ಕೊಂಡು ಅದನ್ನ ಲಿಂಕ್ಡ್‌ಇನ್‌ಗೆ ಒಗ್ಗಿಸೋಣ. ಪೀಣ್ಯದಲ್ಲಿ ಕಾರ್ಟನ್ ಬಾಕ್ಸ್ ಮಾಡೋ ಒಂದು ಸಣ್ಣ ಘಟಕ ಇದೆ ಅಂದ್ಕೊಳ್ಳಿ. ಅವರು ಉಪ್ಪಿನಕಾಯಿ ಕಂಪನಿಯೊಂದರ ಪರ್ಚೇಸ್ ಮ್ಯಾನೇಜರ್‌ಗೆ ಬರೀತಿದ್ದಾರೆ.

[ಸ್ಕ್ರೀನ್ ಮೇಲೆ: ಮೂಲ ಮೇಲ್]

"ವಿಷಯ: ಕಾರ್ಟನ್ ಬಾಕ್ಸ್ ಪೂರೈಕೆ ಕುರಿತು.
ಮಾನ್ಯರೇ, ನಾವು 12 ವರ್ಷಗಳಿಂದ ಪೀಣ್ಯದಲ್ಲಿ 3 ಪ್ಲೈ ಹಾಗೂ 5 ಪ್ಲೈ ಬಾಕ್ಸ್‌ಗಳನ್ನು ತಯಾರಿಸುತ್ತಿದ್ದೇವೆ. ಗಾಜಿನ ಬಾಟಲಿಗಳು ಕೊರಿಯರ್‌ನಲ್ಲಿ ಒಡೆಯದಂತೆ ಪಾರ್ಟಿಶನ್ ಇರುವ ಬಾಕ್ಸ್‌ಗಳನ್ನೂ ಒದಗಿಸುತ್ತೇವೆ. ಬ್ರೋಷರ್ ಮತ್ತು ದರಪಟ್ಟಿ ಲಗತ್ತಿಸಿದೆ. ಈ ವಾರ ಭೇಟಿಗೆ 30 ನಿಮಿಷ ಸಮಯ ಕೊಡಬೇಕಾಗಿ ವಿನಂತಿ."

ಮೇಲ್ ಆಗಿ ಇದು ಕೆಟ್ಟದ್ದೇನಲ್ಲ. ಯಾರು, ಏನು, ಎಷ್ಟಕ್ಕೆ, ಯಾವಾಗ ಸಿಗೋಣ ಎಲ್ಲಾ ಒಂದೇ ಕಡೆ ಇದೆ. ಮೇಲ್‌ನಲ್ಲಿ ಹಾಗೇ ಇರಬೇಕು, ಯಾಕಂದ್ರೆ ಓದೋರಿಗೆ ನಿಮ್ಮ ಬಗ್ಗೆ ತಿಳಿಯೋಕೆ ಬೇರೆ ದಾರಿ ಇಲ್ಲ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಹೆಸರು, ಫೋಟೋ, ಕೆಲಸ ಮೆಸೇಜಿನ ಜೊತೆಗೇ ಕಾಣುತ್ತೆ. ಅಂದ್ರೆ "12 ವರ್ಷಗಳಿಂದ" ಅನ್ನೋ ಇಡೀ ಸಾಲನ್ನ ಮೆಸೇಜಿನಿಂದ ತೆಗೆದು ಪ್ರೊಫೈಲ್ ಹೆಡ್‌ಲೈನ್‌ಗೆ ಸಾಗಿಸಬಹುದು. "ಮ್ಯಾನೇಜಿಂಗ್ ಪಾರ್ಟ್‌ನರ್" ಅಂತಷ್ಟೇ ಹಾಕ್ಕೊಂಡಿದ್ರೆ ತೆಗೀರಿ. "ಗಾಜಿನ ಬಾಟಲಿಗಳಿಗೆ ಪ್ಯಾಕಿಂಗ್ ಬಾಕ್ಸ್, ಪೀಣ್ಯ" ಅಂತ ಬರೀರಿ. ವಿಷಯದ ಸಾಲು, ಕೆಳಗಿನ ಸಹಿ, ಫೋನ್ ನಂಬರ್ ಕೂಡ ಹೋಗಲಿ.

ಈಗ ಕನೆಕ್ಷನ್ ರಿಕ್ವೆಸ್ಟ್ ಜೊತೆಗೆ ಹೋಗೋ ನೋಟ್. ಉಚಿತ ಅಕೌಂಟ್ ಇದ್ರೆ 200 ಅಕ್ಷರ, ಪ್ರೀಮಿಯಂ ಇದ್ರೆ 300. ಉಚಿತ ಅಕೌಂಟ್‌ನಲ್ಲಿ ತಿಂಗಳಿಗೆ ಕೆಲವೇ ನೋಟ್ ಕಳಿಸೋಕೆ ಬಿಡ್ತಾರೆ, ಹಾಗಾಗಿ ನಿಜವಾಗಿ ಬೇಕಾದವರಿಗೇ ಖರ್ಚು ಮಾಡಿ. ಕನ್ನಡದಲ್ಲಿ ಬರೆಯೋರು ಇನ್ನೊಂದು ಗಮನಿಸಬೇಕು. ಕಂಪ್ಯೂಟರಿನ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲಾ ಬಿಡಿಬಿಡಿ. "ನಮಸ್ಕಾರ" ಕಣ್ಣಿಗೆ ನಾಲ್ಕೇ ಅಕ್ಷರ, ಲೆಕ್ಕಕ್ಕೆ ಏಳು. 200 ಇದೆ ಅಂತ ಧಾರಾಳವಾಗಿ ಶುರು ಮಾಡಿದ್ರೆ ಎರಡನೇ ವಾಕ್ಯಕ್ಕೇ ಜಾಗ ಮುಗಿದಿರುತ್ತೆ.

[ಸ್ಕ್ರೀನ್ ಮೇಲೆ: ನೋಟ್]

"ನಮಸ್ಕಾರ ಮೇಡಂ. ಮೂರು ಬಾಟಲಿಯ ಹೊಸ ಉಪ್ಪಿನಕಾಯಿ ಕಾಂಬೋ ಬಗ್ಗೆ ನಿಮ್ಮ ಪೋಸ್ಟ್ ಓದಿದೆ. ಗಾಜಿನ ಬಾಟಲಿಗೆ ಬಾಕ್ಸ್ ಮಾಡೋದೇ ಪೀಣ್ಯದಲ್ಲಿ ನಮ್ಮ ಕೆಲಸ. ಕನೆಕ್ಟ್ ಆದರೆ ಸಂತೋಷ."

ಇದು 150ರ ಒಳಗೇ ಮುಗಿಯುತ್ತೆ. ಮಾರೋ ಮಾತು ಒಂದೂ ಇಲ್ಲ, ಆದರೆ ಯಾಕೆ ಬಂದ್ರು ಅನ್ನೋದೂ ಗುಟ್ಟಾಗಿಲ್ಲ. "ನಿಮ್ಮ ಪ್ರೊಫೈಲ್ ನೋಡಿ ತುಂಬಾ ಇಂಪ್ರೆಸ್ ಆದೆ" ಅನ್ನೋದು ಬೇಡವೇ ಬೇಡ. ಅದನ್ನ ಯಾರಿಗೆ ಬೇಕಾದ್ರೂ ಕಳಿಸಬಹುದು ಅಂತ ಓದೋರಿಗೂ ಗೊತ್ತು. ಕಾಂಬೋದ ಪೋಸ್ಟ್ ವಿಷಯ ಆ ಮೇಡಂಗೆ ಮಾತ್ರ ಬರೆಯೋಕೆ ಸಾಧ್ಯ.

ಅವರು ಒಪ್ಪಿಕೊಂಡ್ರು. ಹೆಚ್ಚಿನವರು ಎಡವೋದು ಇಲ್ಲೇ. ಬಾಗಿಲು ತೆರೀತು ಅಂತ ಆ ಕ್ಷಣಕ್ಕೇ ಬ್ರೋಷರ್, ದರಪಟ್ಟಿ, ಇಡೀ ಮೇಲ್ ಒಳಗೆ ನೂಕ್ತಾರೆ. ಆ ಮೇಡಂಗೆ ನೋಟ್ ಬರೀ ನೆಪ ಅಂತ ಅನ್ನಿಸಿಬಿಡುತ್ತೆ. ಒಂದು ದಿನ ಬಿಟ್ಟು, ಮೇಲ್‌ನಲ್ಲಿದ್ದ ಒಂದೇ ಒಂದು ವಿಷಯ ಎತ್ತಿಕೊಳ್ಳಿ. ನಾನಾಗಿದ್ರೆ ಒಡೆಯೋ ಬಾಟಲಿ ಎತ್ತಿಕೊಳ್ತೀನಿ. ಉಳಿದದ್ದೆಲ್ಲ ನಿಮ್ಮ ಕಂಪನಿ ಬಗ್ಗೆ, ಅದೊಂದೇ ಅವರ ಕಷ್ಟದ ಬಗ್ಗೆ.

[ಸ್ಕ್ರೀನ್ ಮೇಲೆ: ಎರಡನೇ ಮೆಸೇಜ್]

"ಕನೆಕ್ಟ್ ಆಗಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಕಾಂಬೋದ ರಿವ್ಯೂ ಓದ್ತಾ ಇದ್ದೆ, ಒಂದಿಬ್ಬರು ಬಾಟಲಿ ಒಡೆದು ಬಂತು ಅಂತ ಬರೆದಿದ್ದಾರೆ. ಅವರು ಹಾಕಿರೋ ಫೋಟೋದಲ್ಲಿ ಬಾಟಲಿಗಳ ನಡುವೆ ಪಾರ್ಟಿಶನ್ ಕಾಣಲಿಲ್ಲ.

ಒಂದಕ್ಕೊಂದು ತಾಗದಿದ್ದರೆ ಒಡೆಯೋದು ಬಹಳ ಕಡಿಮೆಯಾಗುತ್ತೆ. ಪ್ಯಾಕಿಂಗ್ ವಿಷಯ ನೀವೇ ನೋಡ್ಕೋತೀರಾ, ಇಲ್ಲಾ ಬೇರೆಯವರಾ?"

ಮೇಲ್‌ನಲ್ಲಿ ಕೇಳಿದ್ದು 30 ನಿಮಿಷದ ಭೇಟಿ. ಇಲ್ಲಿ ಕೇಳಿದ್ದಕ್ಕೆ ಲಿಫ್ಟ್‌ಗೆ ಕಾಯ್ತಾ ನಿಂತಲ್ಲೇ "ನಾನೇ" ಅಂತ ಟೈಪ್ ಮಾಡಿ ಉತ್ತರಿಸಬಹುದು. ಚಾಟ್‌ನಲ್ಲಿ ಜನ ಮೊಬೈಲ್ ಹಿಡಿದು ಓದ್ತಾರೆ, ಕ್ಯಾಲೆಂಡರ್ ತೆಗೆದು ನೋಡೋ ಪ್ರಶ್ನೆ ಕೇಳಿದ್ರೆ ಆಮೇಲೆ ನೋಡೋಣ ಅಂತ ಬಿಡ್ತಾರೆ, ಆ ಆಮೇಲೆ ಬರೋದೇ ಇಲ್ಲ. ಒಂದು ಮೆಸೇಜಿಗೆ ಒಂದೇ ಪ್ರಶ್ನೆ, ಅದೂ ಕೊನೆಯಲ್ಲಿ.

ಒಡೆದ ಬಾಟಲಿಯ ಮಾತನ್ನ ನೋಟ್‌ನಲ್ಲೇ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಪರಿಚಯವೇ ಇಲ್ಲದವರು ಬಂದು ನಿಮ್ಮ ತಪ್ಪು ಹೀಗಿದೆ ಅಂದ್ರೆ ಯಾರಿಗೂ ಹಿತ ಆಗಲ್ಲ. ಅವರ ಪೋಸ್ಟ್ ಕೆಳಗೆ ಕಾಮೆಂಟ್‌ನಲ್ಲಂತೂ ಖಂಡಿತಾ ಬರೀಬೇಡಿ, ಅವರ ಗ್ರಾಹಕರೆಲ್ಲ ಅಲ್ಲೇ ಇರ್ತಾರೆ.

ಭಾಷೆ ಎಷ್ಟು ಸಡಿಲ ಇರಬೇಕು? "ವಿನಂತಿ", "ಲಗತ್ತಿಸಿದೆ" ಬೇಡ. ಹಾಗಂತ "ಹಾಯ್, ಫ್ರೀ ಇದ್ದೀರಾ?" ಅಂತ ಕಳಿಸಿ ಉತ್ತರಕ್ಕೆ ಕಾಯೋದೂ ಬೇಡ. ಅದು ವಾಟ್ಸ್ಯಾಪ್‌ನಲ್ಲಿ ಗೆಳೆಯರಿಗೆ ಸರಿ. ಅಂಗಡಿಗೆ ಬಂದ ಗಿರಾಕಿ ಹತ್ರ ಮಾತಾಡೋ ಹಾಗೆ, ಮೇಡಂ, ಸರ್, ನೀವು ಅಂತ ಇರಲಿ. ಇಂಗ್ಲಿಷಲ್ಲಿ ಬರೆಯೋರಿಗೂ ಅಳತೆ ಇದೇ.

ಒಂದು ಸಣ್ಣ ಅಪಾಯ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಸೆಟ್ಟಿಂಗ್ ಹಾಗಿದ್ರೆ Enter ಒತ್ತಿದ ಕೂಡಲೇ ಮೆಸೇಜ್ ಹೋಗಿಬಿಡುತ್ತೆ. ಮೇಲ್ ಬರೆದು ರೂಢಿ ಇರೋರು ಪ್ಯಾರಾ ಬಿಡೋಕೆ ಹೋಗಿ "ನಮಸ್ಕಾರ ಮೇಡಂ," ಅಷ್ಟನ್ನೇ ಕಳಿಸಿರ್ತಾರೆ. ಹೊಸ ಸಾಲಿಗೆ Shift + Enter ಒತ್ತಿ. ನೋಟ್‌ಪ್ಯಾಡ್‌ನಲ್ಲಿ ಬರೆದು ಅಂಟಿಸಿದ್ರೆ ಇನ್ನೂ ವಾಸಿ.

ಕನೆಕ್ಟ್ ಆಗದವರಿಗೆ ಬರೆಯೋಕೆ ಪ್ರೀಮಿಯಂನವರಿಗೆ ಇನ್‌ಮೇಲ್ ಇದೆ. ಅದರಲ್ಲಿ ವಿಷಯದ ಸಾಲೂ ಇದೆ, ಮೇಲ್‌ಗೆ ಹತ್ತಿರ. 90 ದಿನದೊಳಗೆ ಅವರು ಉತ್ತರಿಸಿದ್ರೆ, ಆ ಇನ್‌ಮೇಲ್‌ಗೆ ಖರ್ಚಾದ ನಿಮ್ಮ ಕ್ರೆಡಿಟ್ ವಾಪಸ್ ಬರುತ್ತೆ. ಆಗಲೂ ಮೇಲಿನ ಎರಡೂ ಮೆಸೇಜ್ ಸೇರಿಸಿ ಒಂದು ಮಾಡಿದ್ರೆ ಸಾಕು, ಅದಕ್ಕಿಂತ ಉದ್ದ ಬೇಡ.

"ನಾನೇ ನೋಡ್ಕೋತೀನಿ, ಡೀಟೇಲ್ಸ್ ಕಳಿಸಿ" ಅಂತ ಉತ್ತರ ಬಂತು ಅನ್ನಿ. ಆಗ ಮೇಲ್ ಐಡಿ ಕೇಳಿ, ದರಪಟ್ಟಿ, ಬ್ರೋಷರ್ ಅಲ್ಲಿಗೆ ಕಳಿಸಿ. ಕೊಟೇಶನ್‌ನ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡೋಕೆ, ಮೂರು ತಿಂಗಳು ಬಿಟ್ಟು ಹುಡುಕೋಕೆ ಮೇಲ್‌ಗಿಂತ ಒಳ್ಳೆಯದಿಲ್ಲ.

ಉತ್ತರ ಬರಲೇ ಇಲ್ಲ ಅಂದ್ರೆ? ಮೇಲ್‌ನಲ್ಲಿ "ಹಿಂದಿನ ಮೇಲ್ ನೋಡಿದ್ರಾ" ಅಂತ ಕೇಳೋದು ನಡೆಯುತ್ತೆ. ಚಾಟ್‌ನಲ್ಲಿ ನಿಮ್ಮ ಹಳೇ ಮೆಸೇಜ್ ಮೇಲೇ ಕಾಣ್ತಿರುತ್ತೆ, ಅದರ ಕೆಳಗೆ ಇನ್ನೊಂದು, ಮತ್ತೊಂದು ಪೇರಿಸಿದ್ರೆ ಸಾಲಗಾರರ ಹಿಂದೆ ಬಿದ್ದ ಹಾಗಿರುತ್ತೆ. ಒಂದು ವಾರ ಬಿಟ್ಟು ಒಮ್ಮೆ ಮಾತ್ರ ಬರೀರಿ, ಏನಾದ್ರೂ ಹೊಸತಿದ್ರೆ. ಉದಾಹರಣೆಗೆ, ಅವರದೇ ಅಳತೆಯ ಮೂರು ಬಾಟಲಿಗೆ ನೀವು ಮಾಡಿದ ಪಾರ್ಟಿಶನ್‌ನ ಫೋಟೋ ಒಂದು. ಅದಕ್ಕೂ ಸುಮ್ಮನಿದ್ರೆ ಬಿಟ್ಟುಬಿಡಿ.

ಇನ್ನು ರಿಕ್ವೆಸ್ಟೇ ಒಪ್ಪದೆ ಹಾಗೇ ಕೂತಿದ್ರೆ ಅವಸರದಲ್ಲಿ ವಾಪಸ್ ತಗೋಬೇಡಿ. ಒಮ್ಮೆ ತಗೊಂಡ್ರೆ ಅದೇ ವ್ಯಕ್ತಿಗೆ ಮತ್ತೆ ಕಳಿಸೋಕೆ ಮೂರು ವಾರದ ತನಕ ಕಾಯಬೇಕಾಗುತ್ತೆ.