ಆರು ವಾರದ ತಾಲೀಮು, ಹಂಚಿಕೊಂಡ ಸಭಾಂಗಣ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಸ್ನೇಹಸಮ್ಮೇಳನಕ್ಕೆ ನಾಟಕ ಆಡಿಸಲು ಹೊರಟ ಶಿಕ್ಷಕರಿಗೆ ಆರು ವಾರಗಳ ಅವಧಿ ಹೇಗೋ ಸಿಗುತ್ತದೆ. ಸಿಗದೇ ಇರುವುದು ಸಭಾಂಗಣ. ಯಕ್ಷಗಾನದ ತರಗತಿ, ಪಾಲಕರ ಸಭೆ, ಟೇಬಲ್ ಟೆನಿಸ್ ಮೇಜು ಎಲ್ಲಕ್ಕೂ ಇರುವುದು ಅದೊಂದೇ ಜಾಗ. ಆದ್ದರಿಂದ ತಾಲೀಮಿನ ವೇಳಾಪಟ್ಟಿಯನ್ನು ಹಾಕುವಾಗ ದಿನಗಳನ್ನು ಎಣಿಸುವುದಕ್ಕಿಂತ ಮೊದಲು ಸಭಾಂಗಣದ ತಾಸುಗಳನ್ನು ಎಣಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಉದಾಹರಣೆಯನ್ನು ಇಟ್ಟುಕೊಂಡು ನೋಡೋಣ. ಶಿರಸಿ ತಾಲೂಕಿನ ಒಂದು ಪ್ರೌಢಶಾಲೆ. ಊರ ಕೆರೆಯ ಹೂಳೆತ್ತುವ ಕತೆಯುಳ್ಳ, 40 ನಿಮಿಷದ, 7 ದೃಶ್ಯಗಳ ನಾಟಕ. ಮುಖ್ಯ ಪಾತ್ರಗಳಿಗೆ 8 ಮಕ್ಕಳು, ಊರ ಜನರಾಗಿ 10 ಮಕ್ಕಳು. ಜವಾಬ್ದಾರಿ ಹೊತ್ತವರು ಮೂವರು: ನಾಟಕ ಕಲಿಸುವ ಕನ್ನಡ ಶಿಕ್ಷಕರು, ರಂಗಸಜ್ಜಿಕೆ ಮತ್ತು ವೇಷಭೂಷಣ ನೋಡಿಕೊಳ್ಳುವ ಚಿತ್ರಕಲಾ ಶಿಕ್ಷಕಿ, ಗುಂಪಿನ ದೃಶ್ಯಗಳನ್ನು ಹಿಡಿದು ನಿಲ್ಲಿಸಬಲ್ಲ ದೈಹಿಕ ಶಿಕ್ಷಕರು. ಪ್ರದರ್ಶನ ಡಿಸೆಂಬರಿನ ಒಂದು ಶನಿವಾರ. ಸಭಾಂಗಣ ಸಿಗುವುದು ಮಂಗಳವಾರ ಮತ್ತು ಶುಕ್ರವಾರ ಸಂಜೆ 4.15ರಿಂದ 5.30ರವರೆಗೆ, ಶನಿವಾರ ಶಾಲೆ ಬಿಟ್ಟ ಮೇಲೆ 2 ತಾಸು. ಕೊನೆಯ ಶನಿವಾರ ಪ್ರದರ್ಶನಕ್ಕೇ ಹೋಗುವುದರಿಂದ ಲೆಕ್ಕಕ್ಕೆ ಉಳಿಯುವುದು 17 ತಾಲೀಮು, ಒಟ್ಟು 25 ತಾಸು. ಒಂದು ನಿಮಿಷದ ನಾಟಕಕ್ಕೆ ಒಂದು ತಾಸಿನ ತಾಲೀಮು ಬೇಕೆಂಬ ರಂಗಭೂಮಿಯವರ ಸ್ಥೂಲ ಲೆಕ್ಕವನ್ನು ಒಪ್ಪಿದರೆ 40 ತಾಸು ಬೇಕು. ಕೊರತೆ ಬೀಳುವ 15 ತಾಸುಗಳನ್ನು ತರಗತಿಯ ಕೋಣೆಯಲ್ಲಿ, ಜಗುಲಿಯಲ್ಲಿ, ಅಂಗಳದಲ್ಲಿ ತುಂಬಿಸಿಕೊಳ್ಳಬೇಕು. ಹಾಗಾದರೆ ಯಾವ ಕೆಲಸಕ್ಕೆ ಸಭಾಂಗಣವೇ ಆಗಬೇಕು, ಯಾವುದು ಬೇರೆಡೆ ಸಾಗುತ್ತದೆ?

ಇದನ್ನು ತಿಳಿಯಲು ಒಂದು ದೊಡ್ಡ ಹಾಳೆ ಸಾಕು. ನಾಟಕವನ್ನು ದೃಶ್ಯಗಳಾಗಿ ಮಾತ್ರ ನೋಡದೆ, ರಂಗಕ್ಕೆ ಯಾರಾದರೂ ಬಂದಾಗ ಅಥವಾ ರಂಗದಿಂದ ಯಾರಾದರೂ ಹೋದಾಗ ಅಲ್ಲೊಂದು ಗೆರೆ ಎಳೆದು ತುಣುಕುಗಳನ್ನಾಗಿ ಒಡೆಯಬೇಕು. ನಮ್ಮ ನಾಟಕದ 7 ದೃಶ್ಯಗಳು ಹೀಗೆ 15 ತುಣುಕುಗಳಾದವು ಎಂದಿಟ್ಟುಕೊಳ್ಳೋಣ. ಎಡಕ್ಕೆ ತುಣುಕುಗಳ ಸಂಖ್ಯೆ, ಮೇಲೆ ಮಕ್ಕಳ ಹೆಸರು. ಯಾವ ತುಣುಕಿನಲ್ಲಿ ಯಾರಿದ್ದಾರೋ ಆ ಚೌಕದಲ್ಲಿ ಒಂದು ಗುರುತು. ಹಾಳೆ ತುಂಬುತ್ತಿದ್ದಂತೆ ವೇಳಾಪಟ್ಟಿಯ ಅರ್ಧ ಭಾಗ ತಾನಾಗಿಯೇ ಕಾಣತೊಡಗುತ್ತದೆ. ಊರ ಜನರ ಗುಂಪು ಬರುವುದು 3 ತುಣುಕುಗಳಲ್ಲಿ ಮಾತ್ರ. ಅಂದ ಮೇಲೆ ಆ 10 ಮಕ್ಕಳನ್ನು ಮಂಗಳವಾರ, ಶುಕ್ರವಾರ ಕೂರಿಸಿಕೊಳ್ಳುವ ಅಗತ್ಯವಿಲ್ಲ, ಅವರಿಗೆ ಶನಿವಾರ ಸಾಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಸಂಜೆಯಾದರೆ ಮನೆಯಲ್ಲಿ ಅಡಿಕೆ ಸುಲಿಯಲು ಕೈ ಬೇಕಾಗಿರುತ್ತದೆ. ಸುಮ್ಮನೆ ಕೂರಲು ಮಗುವನ್ನು ಕರೆಸಿಕೊಂಡರೆ ಮೂರನೆಯ ವಾರದ ಹೊತ್ತಿಗೆ ಆ ಮಗು ಬರುವುದನ್ನೇ ಬಿಡುತ್ತದೆ. ಅಜ್ಜಿ ಮತ್ತು ಮೊಮ್ಮಗಳ ತುಣುಕಿಗೂ ಗುಂಪಿನ ತುಣುಕಿಗೂ ಸಾಮಾನ್ಯರಾದವರು ಯಾರೂ ಇಲ್ಲ. ಹಾಗಾಗಿ ಒಂದನ್ನು ಸಭಾಂಗಣದಲ್ಲಿ, ಇನ್ನೊಂದನ್ನು ಪಕ್ಕದ ಕೋಣೆಯಲ್ಲಿ ಏಕಕಾಲಕ್ಕೆ ನಡೆಸಬಹುದು.

ಅದೇ ಹಾಳೆ ಒಂದು ತೊಡಕನ್ನೂ ತೋರಿಸುತ್ತದೆ. ಪಟೇಲನ ಪಾತ್ರದ ಹುಡುಗ 11 ತುಣುಕುಗಳಲ್ಲಿದ್ದಾನೆ. ಅವನ ಮನೆ ಹುಲೇಕಲ್ ಕಡೆಗೆ. ಬಸ್ಸು ಹಿಡಿಯಲು 5 ಗಂಟೆಗೆ ಹೊರಡಬೇಕು. ಪಾತ್ರ ಬದಲಿಸುವುದು ಬೇಡ. ವಾರದ ದಿನಗಳಲ್ಲಿ ಮೊದಲ 45 ನಿಮಿಷ ಅವನಿರುವ ತುಣುಕುಗಳಿಗೆ, ಉಳಿದ ಅರ್ಧ ತಾಸು ಅವನಿಲ್ಲದ 4 ತುಣುಕುಗಳಿಗೆ ಎಂದು ಗೊತ್ತುಮಾಡಿದರೆ ಸಾಕು. ಇದು ಮೊದಲ ದಿನವೇ ತಿಳಿದಿರಬೇಕಾದ ಸಂಗತಿ. ಆದ್ದರಿಂದ ಪಾತ್ರ ಹಂಚುವ ದಿನವೇ ಯಾವ ಮಗು ಯಾವ ಬಸ್ಸಿಗೆ ಹೋಗುತ್ತದೆಂದು ಬರೆದುಕೊಳ್ಳಬೇಕು.

ಇನ್ನು ಜಾಗದ ವಿಚಾರ. ಮಾತು ಕಂಠಪಾಠ ಮಾಡಿಸಲು ಸಭಾಂಗಣವನ್ನು ಬಳಸುವುದು ಶುದ್ಧ ಅಪವ್ಯಯ. ಓದು, ಉಚ್ಚಾರ, ಇಬ್ಬರ ಸಂಭಾಷಣೆ ಇವೆಲ್ಲ ಕೋಣೆಯಲ್ಲೇ ಆಗಲಿ. ಆದರೆ ಚಲನೆಯನ್ನು ಕೋಣೆಯಲ್ಲಿ ಕಲಿಸಿದರೆ ಒಂದು ತೊಂದರೆಯಿದೆ. ನಮ್ಮ ವೇದಿಕೆಯ ಅಗಲ 24 ಅಡಿ, ಕೋಣೆಯ ಖಾಲಿ ಜಾಗ 12 ಅಡಿ ಎಂದಾದರೆ, ಮೂರು ಹೆಜ್ಜೆಯಲ್ಲಿ ಬಾವಿಕಟ್ಟೆ ತಲುಪಲು ಕಲಿತ ಹುಡುಗಿ ವೇದಿಕೆಯ ಮೇಲೆ ಮಾತು ಮುಗಿದರೂ ಅರ್ಧ ದಾರಿಯಲ್ಲೇ ಇರುತ್ತಾಳೆ. ಇದಕ್ಕೆ ಪರಿಹಾರ ಅಂಗಳದಲ್ಲಿದೆ. ಕಬಡ್ಡಿಗೆ ಗೆರೆ ಹಾಕುವ ಸುಣ್ಣದ ಪುಡಿಯಲ್ಲೇ ದೈಹಿಕ ಶಿಕ್ಷಕರು ವೇದಿಕೆಯ ನಿಜ ಅಳತೆಯ ಚೌಕ ಹಾಕಿ, ಪ್ರವೇಶ ಮತ್ತು ನಿರ್ಗಮನದ ಜಾಗಗಳನ್ನು, ಬಾವಿಕಟ್ಟೆಯನ್ನು ಗುರುತಿಸಿಕೊಟ್ಟರೆ ಸಭಾಂಗಣವಿಲ್ಲದ ದಿನವೂ ಚಲನೆ ಸಾಗುತ್ತದೆ. ಘಟ್ಟದ ಮೇಲಾಗಲಿ ಕರಾವಳಿಯಲ್ಲಾಗಲಿ ಮಳೆಗಾಲದ ನಾಟಕಕ್ಕೆ ಈ ಉಪಾಯ ನಡೆಯುವುದಿಲ್ಲ. ಡಿಸೆಂಬರಿನ ನಾಟಕಕ್ಕೆ ಧಾರಾಳವಾಗಿ ನಡೆಯುತ್ತದೆ.

ವಾರಗಳ ಹಂಚಿಕೆಯನ್ನು ಪ್ರದರ್ಶನದ ದಿನದಿಂದ ಹಿಂದಕ್ಕೆ ಮಾಡಬೇಕು. ಆರನೆಯ ವಾರ ದೀಪ, ಮೈಕು, ವೇಷದೊಂದಿಗಿನ ತಾಲೀಮಿಗೆ. ಐದನೆಯ ವಾರ ಪರಿಕರಗಳನ್ನು ಕೈಯಲ್ಲಿ ಹಿಡಿದು ಆದಿಯಿಂದ ಅಂತ್ಯದವರೆಗೆ ನಿಲ್ಲಿಸದೆ ಆಡುವುದಕ್ಕೆ. ನಾಲ್ಕನೆಯ ವಾರ ಸಡಿಲವಾದ ತುಣುಕುಗಳ ದುರಸ್ತಿಗೆ. ಅಂದರೆ ಮೂರನೆಯ ಶನಿವಾರ ಪುಸ್ತಕ ಕೆಳಗಿಡುವ ದಿನ. ಅದಕ್ಕೆ ಮೊದಲು 15 ತುಣುಕುಗಳ ಚಲನೆ ಕೂರಬೇಕಾದ್ದರಿಂದ ಬರಿಯ ಓದಿಗೆ ಮೊದಲ ವಾರದ ಎರಡು ಸಂಜೆಗಿಂತ ಹೆಚ್ಚು ಕೊಡಲಾಗುವುದಿಲ್ಲ. 17 ತಾಲೀಮುಗಳಲ್ಲಿ ಎರಡು ವಾರಕ್ಕೊಂದರಂತೆ ಮೂರನ್ನು ಖಾಲಿ ಬಿಡಬೇಕು. ಜ್ವರ ಬಂದರೂ, ಸಭಾಂಗಣ ಏಕಾಏಕಿ ಬೇರೆಯವರ ಪಾಲಾದರೂ ಆ ಖಾಲಿ ಸಂಜೆಗಳೇ ನಷ್ಟವನ್ನು ತುಂಬಿಕೊಡುವುದು. ಈ ಪಟ್ಟಿಯ ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೂ ಯಕ್ಷಗಾನ ಗುರುಗಳಿಗೂ ಮೊದಲೇ ಕೊಟ್ಟು, ಕೊನೆಯ ವಾರದ ಒಂದು ಹೆಚ್ಚುವರಿ ಸಂಜೆಗೆ ಬದಲಾಗಿ ನಮ್ಮ ಒಂದು ಮಂಗಳವಾರವನ್ನು ಬಿಟ್ಟುಕೊಡುವ ಮಾತಾಡಿಕೊಳ್ಳುವುದು ಒಳ್ಳೆಯದು.

ಯಕ್ಷಗಾನದ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಆಟ, ತಾಳಮದ್ದಲೆ ಕೇಳಿ ಬೆಳೆದವರು. ಮಾತನ್ನು ಸ್ಥಳದಲ್ಲೇ ಬೆಳೆಸುವ ಸೊಗಸು ಅವರಿಗೆ ಒಲಿದಿರುತ್ತದೆ. ಅದನ್ನು ಚಿವುಟಬಾರದು. ಆದರೆ ಎದುರಿನ ಪಾತ್ರ ಕಾಯುತ್ತಿರುವ ಕೊನೆಯ ಮೂರು ಶಬ್ದಗಳನ್ನು ಮಾತ್ರ ಬದಲಿಸಕೂಡದೆಂದು ಹೇಳಿ, ಆ ಶಬ್ದಗಳಿಗೆ ಪ್ರತಿಯಲ್ಲಿ ಅಡಿಗೆರೆ ಹಾಕಿಸಬೇಕು.

ಮೂವರೇ ಶಿಕ್ಷಕರಿರುವಲ್ಲಿ ಮೂಲಪ್ರತಿಯೊಂದು ಇರಲೇಬೇಕು. ಬಲಪುಟದಲ್ಲಿ ನಾಟಕ, ಎಡಪುಟ ಖಾಲಿ. ಆ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ‘ಪಟೇಲ ಎಡದಿಂದ ಪ್ರವೇಶ, ಕಟ್ಟೆಯ ಮುಂದೆ ನಿಲುವು, ಅಜ್ಜಿ ಏಳುವಳು’ ಎಂದು ಆಯಾ ದಿನವೇ ಬರೆಯಬೇಕು. ಕನ್ನಡ ಶಿಕ್ಷಕರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದ ದಿನ ಉಳಿದಿಬ್ಬರು ಅದನ್ನು ನೋಡಿ ತಾಲೀಮು ನಡೆಸುತ್ತಾರೆ. ಅಂಥ ದಿನ ಹೊಸ ಚಲನೆ ಸೇರಿಸಬಾರದು; ಚಲನೆಯ ವಿಷಯದಲ್ಲಿ ಮಕ್ಕಳಿಗೆ ಒಬ್ಬರ ಮಾತೇ ಕೊನೆಯದಾಗಿರಬೇಕು.

ಐದನೆಯ ವಾರ ಗಡಿಯಾರ ಹಿಡಿದು ನೋಡಿದಾಗ 40 ನಿಮಿಷದ ನಾಟಕ 49 ನಿಮಿಷಕ್ಕೆ ಹೋಯಿತೆಂದುಕೊಳ್ಳಿ. ಕೂಡಲೇ ಮಾತಿಗೆ ಕತ್ತರಿ ಹಾಕಬೇಡಿ. ದೃಶ್ಯ ಬದಲಾಗುವ ಆರು ಸಂದರ್ಭಗಳನ್ನು ಬೇರೆಯಾಗಿ ಅಳೆಯಿರಿ. ಬಹಳ ಸಲ ಏಳು ನಿಮಿಷ ಅಲ್ಲಿಯೇ, ಕಟ್ಟೆಯನ್ನು ಯಾರು ಎತ್ತಬೇಕೆಂಬ ಗೊಂದಲದಲ್ಲಿಯೇ ಕಳೆದಿರುತ್ತದೆ. ಗುಂಪಿನ ಮಕ್ಕಳಲ್ಲಿ ನಾಲ್ವರಿಗೆ ಯಾವ ವಸ್ತು, ಯಾವ ಕಡೆಯಿಂದ ಎಂದು ಹೆಸರು ಹಿಡಿದು ಒಪ್ಪಿಸಿ, ಒಂದು ಶನಿವಾರದ ಅರ್ಧ ತಾಸನ್ನು ಮಾತಿಲ್ಲದೆ ಬರಿಯ ಬದಲಾವಣೆಗಳಿಗೇ ಕೊಟ್ಟರೆ ಆ ಹೊತ್ತು ಬಹುಪಾಲು ಮರಳಿ ಸಿಗುತ್ತದೆ. ಉಳಿದೆರಡು ನಿಮಿಷ ತಡವಾದ ಪ್ರವೇಶಗಳದ್ದು. ಪರದೆಯ ಹಿಂದೆ ಎರಡೂ ಬದಿಯಲ್ಲಿ ತುಣುಕುಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಅಂಟಿಸಿ, ಚಿತ್ರಕಲಾ ಶಿಕ್ಷಕಿಯವರನ್ನು ಒಂದು ಬದಿಗೆ, ದೈಹಿಕ ಶಿಕ್ಷಕರನ್ನು ಇನ್ನೊಂದು ಬದಿಗೆ ನಿಲ್ಲಿಸಿದರೆ ಅದೂ ಸರಿಹೋಗುತ್ತದೆ. ನಮಸ್ಕಾರ.