ಎಣಿಸಿದ ಸದ್ದು ಕೇಳಿಸಿತು, ನೋಟು ಬರಲಿಲ್ಲ

ಕೇಳುಗರಿಗೆ ನಮಸ್ಕಾರ.

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯ ಅಕ್ಕ ನನಗೆ ಪರಿಚಯ. ರೇಷ್ಮೆ ಬೆಳೆಯುತ್ತಾರೆ. ಒಂದು ಶುಕ್ರವಾರ, 6ನೇ ತಾರೀಖು, ಗೂಡು ಮಾರಿದ ದುಡ್ಡು ಖಾತೆಗೆ ಬಂದಿತ್ತು. ಸೊಪ್ಪು ಕೊಯ್ದವರಿಗೆ, ಗೂಡು ಬಿಡಿಸಿದವರಿಗೆ ಕೂಲಿ ಕೊಡಬೇಕು. ಸಂಜೆ ಆರೂ ಮುಕ್ಕಾಲಿಗೆ ಎಟಿಎಂಗೆ ಹೋಗಿ ಹತ್ತು ಸಾವಿರ ಕೇಳಿದರು. ಕಾರ್ಡು ಒಂದು ಬ್ಯಾಂಕಿನದು, ಎಟಿಎಂ ಇನ್ನೊಂದು ಬ್ಯಾಂಕಿನದು. ಒಳಗೆ ನೋಟು ಎಣಿಸುವ ಗರಗರ ಸದ್ದು ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ನೋಟು ಬರಲಿಲ್ಲ. ಕೈಯಲ್ಲಿದ್ದ ಫೋನು ಮಾತ್ರ ಸದ್ದು ಮಾಡಿತು: ನಿಮ್ಮ ಖಾತೆಯಿಂದ 10,000 ರೂಪಾಯಿ ಕಡಿತವಾಗಿದೆ.

ಅವರು ಅರ್ಧ ಗಂಟೆ ಅಲ್ಲೇ ನಿಂತಿದ್ದರಂತೆ. ತಾನು ಹೊರಗೆ ಹೋದ ಮೇಲೆ ಕರೆಂಟು ಬಂದು ನೋಟು ಹೊರಗೆ ಬಿದ್ದರೆ, ಬೇರೆ ಯಾರಾದರೂ ತೆಗೆದುಕೊಂಡು ಹೋದರೆ ಅಂತ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ನಾನು ಬ್ಯಾಂಕಿನಲ್ಲಿದ್ದಾಗ ಎಟಿಎಂ ಲೆಕ್ಕ ತಾಳೆ ನೋಡುವ ವಿಭಾಗದಲ್ಲಿ ಕೆಲಸ ಮಾಡಿದವನು. ಅದಕ್ಕೇ ಆ ಹತ್ತು ಸಾವಿರ ಅಷ್ಟು ಹೊತ್ತು ಎಲ್ಲಿತ್ತು, ಹೇಗೆ ವಾಪಸ್ ಬಂತು ಅಂತ ಇವತ್ತು ಹೇಳುತ್ತೇನೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ನೋಟು ಕೈಗೆ ಬರುವ ಮೊದಲೇ ದುಡ್ಡು ಕಟ್ ಆಗುವುದು ಯಾಕೆ?

ನೀವು ಪಿನ್ ಒತ್ತಿ ಮೊತ್ತ ಹಾಕಿದಾಗ ಎಟಿಎಂ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಅದು ತನ್ನ ಬ್ಯಾಂಕಿನ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ. ಆ ಕಂಪ್ಯೂಟರಿಗೆ ನಾವು ಸ್ವಿಚ್ ಅನ್ನುತ್ತೇವೆ. ಕಾರ್ಡು ಬೇರೆ ಬ್ಯಾಂಕಿನದಾದರೆ ಆ ಸುದ್ದಿ, ಬ್ಯಾಂಕು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆ ನಡೆಸುವ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ದಾಟಿ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಬ್ಯಾಂಕು ಖಾತೆಯಲ್ಲಿ ಎಷ್ಟಿದೆ ಅಂತ ನೋಡಿ, ಹತ್ತು ಸಾವಿರ ಕಳೆದು ಬರೆದುಕೊಂಡು, ‘ಕೊಡಬಹುದು’ ಅನ್ನುತ್ತದೆ. ಕಳೆಯದೆ ಬರೀ ‘ಕೊಡಬಹುದು’ ಅಂದರೆ, ಅದೇ ಕ್ಷಣದಲ್ಲಿ ಮನೆಯಲ್ಲಿರುವ ಮಗ ಫೋನಿನಿಂದ ಅದೇ ದುಡ್ಡನ್ನು ಇನ್ಯಾರಿಗೋ ಕಳಿಸಿಬಿಡಬಹುದು ಅಲ್ವಾ? ಅದಕ್ಕೇ ಮೊದಲು ಕಡಿತ, ಆಮೇಲೆ ನೋಟು. ಎಸ್‌ಎಂಎಸ್ ಹೊರಡುವುದೂ ಕಡಿತವಾದ ತಕ್ಷಣ. ನೋಟು ಹೊರಬಂತಾ ಇಲ್ವಾ ಅನ್ನುವುದು ಆ ಎಸ್‌ಎಂಎಸ್‌ಗೆ ಗೊತ್ತಿರುವುದಿಲ್ಲ.

‘ಕೊಡಬಹುದು’ ಅನ್ನುವ ಉತ್ತರ ಬಂದ ಮೇಲೆ ಯಂತ್ರದ ಕೆಲಸ ಶುರು. ಒಳಗೆ ನೋಟು ತುಂಬಿದ ಪೆಟ್ಟಿಗೆಗಳಿವೆ, ಕ್ಯಾಸೆಟ್ ಅಂತ ಹೆಸರು. ಅದರಿಂದ ಒಂದೊಂದೇ ನೋಟು ಎಳೆದು, ಎಣಿಸಿ, ಬಾಗಿಲ ಹತ್ತಿರ ತರುತ್ತದೆ. ಎರಡು ನೋಟು ಅಂಟಿಕೊಂಡು ಬಂದರೆ, ಮಡಚಿಕೊಂಡಿದ್ದರೆ, ಅವನ್ನು ಪಕ್ಕದ ರಿಜೆಕ್ಟ್ ಬಿನ್‌ಗೆ ಹಾಕುತ್ತದೆ. ನೋಟು ಸಿಕ್ಕಿಕೊಂಡು ಕೆಲಸ ನಿಂತರೆ ಯಂತ್ರ ತನ್ನ ಸ್ವಿಚ್‌ಗೆ ‘ಕೊಡಲು ಆಗಲಿಲ್ಲ’ ಅನ್ನುತ್ತದೆ. ಸ್ವಿಚ್ ಆ ಮಾತನ್ನು ನಿಮ್ಮ ಬ್ಯಾಂಕಿಗೆ ದಾಟಿಸುತ್ತದೆ. ಇದೇ ರಿವರ್ಸಲ್. ಎಲ್ಲ ಸರಿ ಇದ್ದರೆ ಒಂದೆರಡು ನಿಮಿಷದಲ್ಲೇ ಹಣ ಖಾತೆಗೆ ಮರಳಿ, ಎರಡನೇ ಎಸ್‌ಎಂಎಸ್ ಬರುತ್ತದೆ. ನಡುವೆ ನೆಟ್‌ವರ್ಕ್ ಕೈಕೊಟ್ಟರೂ ಸ್ವಿಚ್ ಆ ಸುದ್ದಿಯನ್ನು ಇಟ್ಟುಕೊಂಡು ಮತ್ತೆ ಮತ್ತೆ ಕಳಿಸಿ ನೋಡುತ್ತದೆ.

ನಮ್ಮ ಅಕ್ಕನಿಗೆ ಆಗಿದ್ದು ಇದಲ್ಲ. ಅಲ್ಲಿ ಯುಪಿಎಸ್ ಬ್ಯಾಟರಿ ಸೋತಿತ್ತು. ‘ಕೊಡಲು ಆಗಲಿಲ್ಲ’ ಅಂತ ಹೇಳುವ ಮೊದಲೇ ಯಂತ್ರದ ಉಸಿರು ನಿಂತಿತು. ಸ್ವಿಚ್‌ಗೆ ಗೊತ್ತಿದ್ದದ್ದು ಒಂದೇ, ಒಪ್ಪಿಗೆ ಬಂದಿದೆ ಅಂತ. ಹಾಗಾಗಿ ರಿವರ್ಸಲ್ ಹುಟ್ಟಲೇ ಇಲ್ಲ. ಅವತ್ತಿನ ಲೆಕ್ಕ ಮುಗಿದಾಗ ಆಕೆಯ ಬ್ಯಾಂಕು ಎನ್‌ಪಿಸಿಐ ಮೂಲಕ ಎಟಿಎಂ ಬ್ಯಾಂಕಿಗೆ ಹತ್ತು ಸಾವಿರ ಕೊಟ್ಟೂ ಬಿಟ್ಟಿತು.

ಈಗ ನೋಡಿ. ಎಟಿಎಂ ಬ್ಯಾಂಕಿಗೆ ಹತ್ತು ಸಾವಿರ ಸಂದಿದೆ. ಅದೇ ಹತ್ತು ಸಾವಿರದ ನೋಟುಗಳೂ ಅದರ ಯಂತ್ರದೊಳಗೇ ಇವೆ. ಒಂದೇ ದುಡ್ಡು ಎರಡು ಸಲ ಅವರ ಹತ್ತಿರ ಸೇರಿದೆ. ಈ ಹೆಚ್ಚುವರಿಯನ್ನು ಹುಡುಕಿ ತೆಗೆಯುವುದೇ ಲೆಕ್ಕ ತಾಳೆ ನೋಡುವ ಕೆಲಸ.

ಅದಕ್ಕೆ ಎರಡು ಸಾಕ್ಷಿ ಬೇಕು. ಒಂದು, ಎಟಿಎಂನ ದಿನಚರಿ. ಎಲೆಕ್ಟ್ರಾನಿಕ್ ಜರ್ನಲ್ ಅನ್ನುತ್ತಾರೆ. ಕಾರ್ಡು ಹಾಕಿದ್ದು, ಪಿನ್ ಒತ್ತಿದ್ದು, ಯಾವ ಕ್ಯಾಸೆಟ್ಟಿನಿಂದ ಎಷ್ಟು ನೋಟು ಎಳೆದದ್ದು, ಬಾಗಿಲು ತೆರೆದದ್ದು, ನೋಟು ತೆಗೆದುಕೊಂಡದ್ದು, ಎಲ್ಲವೂ ಸಮಯದ ಸಮೇತ ಅದರಲ್ಲಿ ಸಾಲಾಗಿ ಇರುತ್ತದೆ. ಅಕ್ಕನ ಸರದಿಯಲ್ಲಿ 20 ನೋಟು ಎಳೆದ ಸಾಲು ಇತ್ತು. ಅದರ ಮುಂದಿನ ಸಾಲೇ ಯಂತ್ರ ಮತ್ತೆ ಶುರುವಾದದ್ದು. ಬಾಗಿಲು ತೆರೆದ ಸಾಲು ಇರಲೇ ಇಲ್ಲ.

ಇನ್ನೊಂದು ಸಾಕ್ಷಿ ಕೈಯಲ್ಲಿ ಎಣಿಸಿದ ನೋಟು. ಹಣ ತುಂಬುವ ಏಜೆನ್ಸಿಯವರು ಬಂದಾಗ ಒಳಗೆ ಉಳಿದದ್ದನ್ನು ಎಣಿಸುತ್ತಾರೆ. ಉದಾಹರಣೆಗೆ ಐನೂರರ ನೋಟು 2,000 ತುಂಬಿತ್ತು ಅನ್ನಿ. ಸ್ವಿಚ್ ಲೆಕ್ಕದ ಪ್ರಕಾರ 1,240 ಹೊರಗೆ ಹೋಗಿದೆ. ಉಳಿಯಬೇಕಾದದ್ದು 760. ಕ್ಯಾಸೆಟ್ಟು, ರಿಜೆಕ್ಟ್ ಬಿನ್ ಎರಡನ್ನೂ ಸೇರಿಸಿ ಎಣಿಸಿದರೆ 780 ಬಂತು. ಜಾಸ್ತಿ ಇರುವ ಆ 20 ನೋಟೇ ಹತ್ತು ಸಾವಿರ. ದಿನಚರಿಯ ಸಾಲಿಗೂ ಈ ಎಣಿಕೆಗೂ ತಾಳೆ ಆಯಿತು ಅಂದರೆ ಎಟಿಎಂ ಬ್ಯಾಂಕು ದುಡ್ಡನ್ನು ವಾಪಸ್ ಮಾಡುತ್ತದೆ. ತಾನಾಗಿ ಮಾಡದಿದ್ದರೆ ನಿಮ್ಮ ಬ್ಯಾಂಕು ಎನ್‌ಪಿಸಿಐ ಮೂಲಕ ಅದರ ಮೇಲೆ ಚಾರ್ಜ್‌ಬ್ಯಾಕ್ ಹಾಕುತ್ತದೆ, ಅಂದರೆ ‘ಕೊಡದ ದುಡ್ಡು ಹಿಂತಿರುಗಿಸಿ’ ಅಂತ ಕೇಳುತ್ತದೆ. ಗಡುವಿನೊಳಗೆ ಎಟಿಎಂ ಬ್ಯಾಂಕು ಉತ್ತರ ಕೊಡದಿದ್ದರೆ ಒಪ್ಪಿಕೊಂಡ ಹಾಗೆಯೇ.

ಇಷ್ಟೆಲ್ಲ ಆಗುವುದಕ್ಕೆ ಎಷ್ಟು ದಿನ? 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕ್ ಇದಕ್ಕೆ ಒಂದು ಆದೇಶ ಹೊರಡಿಸಿತು. ವಹಿವಾಟು ನಡೆದ ದಿನ ಬಿಟ್ಟು ಮುಂದಿನ ಐದು ದಿನದೊಳಗೆ ಹಣ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ಕೇಳುವವರೆಗೆ ಕಾಯದೆ. ಲೆಕ್ಕ ಕ್ಯಾಲೆಂಡರಿನ ದಿನಗಳದು. ಭಾನುವಾರ ಬಂತು, ಹಬ್ಬ ಬಂತು ಅಂತ ದಿನ ಬಿಡುವ ಹಾಗಿಲ್ಲ. ಶುಕ್ರವಾರ 6ರಂದು ಆದದ್ದಕ್ಕೆ 11ನೇ ತಾರೀಖು ಕೊನೆ.

ಅಕ್ಕ ಅವತ್ತು ರಾತ್ರಿ ನನಗೆ ಫೋನ್ ಮಾಡಿದರು. ‘ಆ ಎಟಿಎಂ ಯಾವ ಬ್ಯಾಂಕಿನದೋ ಅಲ್ಲಿಗೇ ಹೋಗಿ ಕೇಳಲಾ ಸಾರ್?’ ಅಂದರು. ಬೇಡ ಅಂದೆ. ದೂರು ಕೊಡಬೇಕಾದದ್ದು ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ. ಎಟಿಎಂ ಯಾರದೇ ಆಗಿರಲಿ, ಉತ್ತರ ಕೊಡಬೇಕಾದವರು ಅವರು. ನಂಬರ್ ಬೇಕಾದರೆ ಕಾರ್ಡಿನ ಹಿಂಭಾಗ ನೋಡಿ. ದಯವಿಟ್ಟು ಇಂಟರ್ನೆಟ್‌ನಲ್ಲಿ ಹುಡುಕಬೇಡಿ. ಅಲ್ಲಿ ಬ್ಯಾಂಕಿನ ಹೆಸರಿನಲ್ಲಿ ಕಳ್ಳರ ನಂಬರುಗಳಿವೆ. ‘ನಿಮ್ಮ ಹತ್ತು ಸಾವಿರ ವಾಪಸ್ ಹಾಕುತ್ತೇವೆ, ಒಟಿಪಿ ಹೇಳಿ’ ಅಂದು, ಉಳಿದದ್ದನ್ನೂ ಬಳಿದುಕೊಳ್ಳುತ್ತಾರೆ. ರಿವರ್ಸಲ್‌ಗೆ ನಿಮ್ಮ ಒಟಿಪಿಯೂ ಬೇಡ, ಪಿನ್ನೂ ಬೇಡ.

ಫೋನಿನಲ್ಲಿ ಹೇಳಬೇಕಾದದ್ದು ತಾರೀಖು, ಸಮಯ, ಮೊತ್ತ, ಎಟಿಎಂ ಇರುವ ಜಾಗ. ಯಂತ್ರದ ಮೇಲೆ ಅಥವಾ ಚೀಟಿಯಲ್ಲಿ ಎಟಿಎಂ ಐಡಿ ಇರುತ್ತದೆ. ಚೀಟಿಯಲ್ಲೋ ಎಸ್‌ಎಂಎಸ್‌ನಲ್ಲೋ 12 ಅಂಕಿಯ ಒಂದು ಸಂಖ್ಯೆ ಇದ್ದರೆ, ಅದು RRN, ಅದನ್ನು ಬರೆದಿಟ್ಟುಕೊಳ್ಳಿ. ಎರಡು ಬ್ಯಾಂಕು, ಎನ್‌ಪಿಸಿಐ, ಮೂರೂ ಕಡೆ ಆ ವಹಿವಾಟನ್ನು ಗುರುತಿಸುವುದು ಆ ಸಂಖ್ಯೆಯಿಂದಲೇ. ಚೀಟಿ ಬರಲಿಲ್ಲ ಅಂದರೂ ಚಿಂತೆಯಿಲ್ಲ, ಬ್ಯಾಂಕಿನವರು ತಾರೀಖು, ಸಮಯದಿಂದ ಅದನ್ನು ಹುಡುಕಬಲ್ಲರು. ದೂರಿಗೆ ಅವರು ಕೊಡುವ ನಂಬರನ್ನು ಮಾತ್ರ ಕೇಳಿ ಪಡೆಯದೆ ಫೋನ್ ಇಡಬೇಡಿ.

ಆಮೇಲೆ ಪಾಸ್‌ಬುಕ್ಕಿನ ಮೇಲೆ ಕಣ್ಣಿಡಬೇಕು. ವಾಪಸ್ ಬಂದ ಸಾಲಿನಲ್ಲಿ ಸಾಮಾನ್ಯವಾಗಿ REV ಅಥವಾ REVERSAL ಅಂತ ಇರುತ್ತದೆ. ಮೊತ್ತ ಪೂರ್ತಿ ಬಂದಿದೆಯಾ ನೋಡಿ. ಇನ್ನೊಂದು ಸಣ್ಣ ವಿಷಯ. ಯಂತ್ರದ ದೋಷದಿಂದ ಕೆಟ್ಟ ವಹಿವಾಟನ್ನು ತಿಂಗಳ ಉಚಿತ ಬಳಕೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅದಕ್ಕೆ ಶುಲ್ಕವೂ ಹಾಕುವಂತಿಲ್ಲ.

ಕೆಲವು ಸಲ ಬ್ಯಾಂಕಿನಿಂದ ‘ವಹಿವಾಟು ಯಶಸ್ವಿಯಾಗಿದೆ, ದೂರು ಮುಗಿಸಿದ್ದೇವೆ’ ಅನ್ನುವ ಉತ್ತರ ಬರುತ್ತದೆ. ಅಲ್ಲಿಗೇ ಕೈಬಿಡಬೇಡಿ. ಬರವಣಿಗೆಯಲ್ಲಿ ಮೂರು ಕೇಳಿ: ಆ ಹೊತ್ತಿನ ಜರ್ನಲ್ ಪ್ರತಿ, ಆ ಸಲದ ನಗದು ಎಣಿಕೆಯ ವಿವರ, ಸಿಸಿಟಿವಿ ದೃಶ್ಯ. ದೃಶ್ಯವನ್ನು ಬೇಗ ಕೇಳಬೇಕು, ಹಳೆಯದು ಅಳಿಸಿಹೋಗುತ್ತದೆ. 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿಸಿದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಕೊಡಬಹುದು. ಖರ್ಚಿಲ್ಲ. ಸಹಾಯಕ್ಕೆ 14448ಕ್ಕೆ ಫೋನ್ ಮಾಡಿ.

ಈ ಸ್ವಯಂಚಾಲಿತ ವ್ಯವಸ್ಥೆ ಹಿಡಿಯಲಾಗದ ಒಂದು ಮೋಸವಿದೆ, ಅದನ್ನೂ ಹೇಳಬೇಕು. ಕಳ್ಳರು ನೋಟು ಬರುವ ಬಾಯಿಗೆ ಪಟ್ಟಿ ಅಂಟಿಸಿರುತ್ತಾರೆ. ಯಂತ್ರ ನೋಟು ಕೊಡುತ್ತದೆ, ಅದು ಪಟ್ಟಿಯ ಹಿಂದೆ ಸಿಕ್ಕಿಕೊಳ್ಳುತ್ತದೆ. ನೀವು ಹೋದ ಮೇಲೆ ಅವರು ಬಂದು ಕಿತ್ತುಕೊಳ್ಳುತ್ತಾರೆ. ಇಲ್ಲಿ ಜರ್ನಲ್ ‘ಕೊಟ್ಟಿದ್ದೇನೆ’ ಅನ್ನುತ್ತದೆ, ಎಣಿಕೆಯಲ್ಲಿ ಹೆಚ್ಚುವರಿಯೂ ಸಿಗುವುದಿಲ್ಲ. ಐದು ದಿನ ಕಾದರೆ ಏನೂ ಬರುವುದಿಲ್ಲ. ಹಾಗಾಗಿ ಕರೆಂಟು ಇದೆ, ಪರದೆಯ ಮೇಲೆ ‘ಹಣ ತೆಗೆದುಕೊಳ್ಳಿ’ ಅಂತ ಬಂದಿದೆ, ಆದರೂ ನೋಟು ಕಾಣುತ್ತಿಲ್ಲ ಅಂದರೆ ಜಾಗ ಬಿಡಬೇಡಿ. ಅಲ್ಲೇ ನಿಂತು ಬ್ಯಾಂಕಿಗೂ ಪೊಲೀಸರಿಗೂ ಫೋನ್ ಮಾಡಿ. ‘ನಾನು ನೋಡ್ತೀನಿ, ನೀವು ಹೋಗಿ’ ಅನ್ನುವ ಅಪರಿಚಿತರ ಮಾತು ಕೇಳಬೇಡಿ.

ನಮ್ಮ ಅಕ್ಕನ ವಿಷಯಕ್ಕೆ ಬರುತ್ತೇನೆ. ಆ ಯಂತ್ರದ ಎಣಿಕೆ ತಡವಾಯಿತು. ಹತ್ತು ಸಾವಿರ ಬಂದದ್ದು 13ನೇ ತಾರೀಖು, ಶುಕ್ರವಾರ. ಗಡುವು 11ಕ್ಕೆ ಮುಗಿದಿತ್ತು. ಹನ್ನೆರಡು, ಹದಿಮೂರು, ಎರಡು ದಿನ ತಡ. ಇನ್ನೂರು ರೂಪಾಯಿ ಬರಬೇಕಿತ್ತು, ಬಂದಿರಲಿಲ್ಲ. ಆಕೆ ಸೋಮವಾರ ಶಾಖೆಗೆ ಹೋಗಿ, ದೂರಿನ ನಂಬರ್ ಬರೆದು, ‘ಎರಡು ದಿನದ ಪರಿಹಾರ ಜಮಾ ಮಾಡಿ’ ಅಂತ ಒಂದು ಸಾಲಿನ ಅರ್ಜಿ ಕೊಟ್ಟರು. ಮುಂದಿನ ವಾರ ಪಾಸ್‌ಬುಕ್ ತಂದು ತೋರಿಸಿದರು. ಹತ್ತು ಸಾವಿರದ ಸಾಲಿನ ಕೆಳಗೆ, ಬೇರೆಯಾಗಿ, ಇನ್ನೂರರ ಸಾಲು ಬಿದ್ದಿತ್ತು.

ನಮಸ್ಕಾರ.